ವಿಜಯಪುರದ ಬಿಸಿಲಿಗೆ ಛಜ್ಜಾ ಎಷ್ಟು, ಫಿನ್ ಎಷ್ಟು: ಗೋಡೆಯ ದಿಕ್ಕಿಗೆ ತಕ್ಕ ಅಳತೆ ತೆಗೆಯುವ ಕ್ರಮ

ನಾನು ಸ್ವಂತವಾಗಿ ನಕ್ಷೆ ಹಾಕಲು ಶುರುಮಾಡಿದ ಹೊಸತರಲ್ಲಿ ವಿಜಯಪುರದ ಒಂದು ಮನೆಯ ಪಶ್ಚಿಮ ಗೋಡೆಗೆ ಸಾಲಾಗಿ ಕಾಂಕ್ರೀಟ್ ಫಿನ್, ಅಂದರೆ ಗೋಡೆಯಿಂದ ಹೊರಗೆ ಚಾಚಿ ನೆಟ್ಟಗೆ ನಿಂತ ಹಲಗೆ, ಕೊಟ್ಟಿದ್ದೆ. ಗೋಡೆಗೆ ನೇರ, ಒಂದಡಿ ಆಳ, ಒಂದಡಿಗೆ ಒಂದು. ಪಶ್ಚಿಮಕ್ಕೆ ಛಜ್ಜಾ ಸಾಲದು, ಫಿನ್ ಬೇಕು ಎಂದು ಓದಿದ್ದೆನಲ್ಲ, ಅದನ್ನೇ ಮಾಡಿದ್ದೆ. ಏಪ್ರಿಲ್ ಕೊನೆಗೆ ಮನೆ ಯಜಮಾನರು ಕರೆಸಿದರು. ಸಂಜೆ ನಾಲ್ಕೂವರೆ. ಒಳಗೆ ಕರೆದುಕೊಂಡು ಹೋಗಿ ನೆಲ ತೋರಿಸಿದರು. ಫರಸಿಯ ಮೇಲೆ ಬಿಸಿಲು ಅಗಲಗಲ ಪಟ್ಟೆಯಾಗಿ ಬಿದ್ದಿತ್ತು, ನಡುನಡುವೆ ಫಿನ್ನಿನ ನೆರಳು ಸಣ್ಣ ಗೆರೆ.

"ಸಾಹೇಬ್ರ, ಈ ಕಲ್ಲ ಯಾಕ ನಿಂದರಿಸೀರಿ? ಬಿಸಲು ನಡುವ ಹಾದು ಸೀದಾ ಒಳಗ ಬರಾಕತ್ತೈತಿ ನೋಡ್ರಿ."

ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು: ನಮ್ಮೂರಲ್ಲಿ ಏಪ್ರಿಲ್-ಮೇ ಸಂಜೆಯ ಸೂರ್ಯ ಪಶ್ಚಿಮ ಗೋಡೆಗೆ ಹೆಚ್ಚುಕಡಿಮೆ ಮೂಗಿನ ನೇರಕ್ಕೇ ನಿಲ್ಲುತ್ತಾನೆ. ನೇರ ಫಿನ್ ಅವನಿಗೆ ಬಾಗಿಲು ತೆರೆದಿಟ್ಟ ಹಾಗೆ. ಆ ಲೆಕ್ಕವನ್ನೇ ಇಲ್ಲಿ ಹಂತಹಂತವಾಗಿ ಬಿಡಿಸುತ್ತೇನೆ. ಉದಾಹರಣೆಗೆ ಎಲ್ಲ ಕಡೆಯೂ ಒಂದೇ ಕಿಟಕಿ: 4 ಅಡಿ ಅಗಲ, 4 ಅಡಿ ಎತ್ತರ, ಲಿಂಟಲ್ ಮಟ್ಟಕ್ಕೇ ಛಜ್ಜಾ.

ಮೊದಲು ದಿಕ್ಕು, ಆಮೇಲೆ ಗಡಿಯಾರ

ಸೈಟಿನ ಕಾಗದದಲ್ಲಿ ಬರೆದ ದಿಕ್ಕನ್ನು ನಂಬಬೇಡಿ. "ಪಶ್ಚಿಮಕ್ಕೆ ರಸ್ತೆ" ಎಂದು ಬರೆದಿದ್ದರೂ ರಸ್ತೆ ಇಪ್ಪತ್ತು-ಮೂವತ್ತು ಡಿಗ್ರಿ ತಿರುಗಿರುವುದು ಸಾಮಾನ್ಯ. ಫೋನಿನ ದಿಕ್ಸೂಚಿ ಸರಿಯೇ, ಆದರೆ ಹತ್ತಿರ ಕಬ್ಬಿಣದ ಸಳಿ ರಾಶಿ ಬಿದ್ದಿದ್ದರೆ ಅದು ತಲೆ ತಿರುಗಿದವರಂತೆ ಆಡುತ್ತದೆ. ನಾನು ಈಗಲೂ ಹಳೆಯ ಶಂಕುವಿನ ಕ್ರಮವನ್ನೇ ಹಿಡಿಯುತ್ತೇನೆ. ಸಪಾಟು ನೆಲದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ, ಅದರ ಬುಡವನ್ನೇ ನಡುವಾಗಿಟ್ಟುಕೊಂಡು ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ದಾಟಿ ಒಳಗೆ ಬರುವ ಜಾಗಕ್ಕೆ ಒಂದು ಗುರುತು, ಮಧ್ಯಾಹ್ನದ ಮೇಲೆ ತುದಿ ವೃತ್ತ ದಾಟಿ ಹೊರಗೆ ಹೋಗುವ ಜಾಗಕ್ಕೆ ಇನ್ನೊಂದು. ಎರಡನ್ನೂ ಕೂಡಿಸಿದ ಗೆರೆಯೇ ಪೂರ್ವ-ಪಶ್ಚಿಮ. ಅರ್ಧ ದಿನ ಹೋಗುತ್ತದೆ ನಿಜ, ಆದರೆ ಪಾಯ ತೋಡುವ ದಿನ ಹೇಗೂ ಅಲ್ಲೇ ನಿಂತಿರುತ್ತೀರಿ.

ಎರಡನೆಯದು ಗಡಿಯಾರ. ನಮ್ಮ ಕೈಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ವಿಜಯಪುರ ಇರುವುದು ಸುಮಾರು 75.7ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮಲ್ಲಿ ಸೂರ್ಯ ಸರಾಸರಿ 27 ನಿಮಿಷ ತಡ. ಇದರ ಮೇಲೆ ವರ್ಷದುದ್ದಕ್ಕೂ ಒಂದು ಸಣ್ಣ ಏರಿಳಿತವಿದೆ: ನೆತ್ತಿಯ ಹೊತ್ತು ಫೆಬ್ರವರಿ ಮಧ್ಯದಲ್ಲಿ 12:41ರ ಸುಮಾರಿಗೆ, ನವೆಂಬರ್ ಮೊದಲಿಗೆ 12:11ರ ಸುಮಾರಿಗೆ ಬರುತ್ತದೆ. ಬಾಗಲಕೋಟೆಗೂ ಇದೇ ಲೆಕ್ಕ. ಬೆಳಗಾವಿ ಇನ್ನಷ್ಟು ಪಶ್ಚಿಮಕ್ಕಿರುವುದರಿಂದ 27ರ ಬದಲು 32 ನಿಮಿಷ ಹಿಡಿಯಬೇಕು. ಇನ್ನು ಮುಂದೆ ನಾನು ಹೇಳುವ ಗಂಟೆಯೆಲ್ಲ ಸೂರ್ಯನ ಗಂಟೆ. ಮೇ ತಿಂಗಳಲ್ಲಿ ಸೂರ್ಯನ 4 ಗಂಟೆ ಎಂದರೆ ಕೈಗಡಿಯಾರದಲ್ಲಿ 4:24.

ಮೂರು ಅಂಕಿ ಸಾಕು

ಸೂರ್ಯನ ಎತ್ತರದ ಕೋನ, ದಿಕ್ಕಿನ ಕೋನ, ಗೋಡೆಗೂ ಅವನಿಗೂ ನಡುವಿನ ಕೋನ ಎಂದು ಪುಸ್ತಕಗಳು ಹೇಳುತ್ತವೆ. ಅದು ತಪ್ಪಲ್ಲ, ಆದರೆ ಕೈತಪ್ಪುವುದು ಅಲ್ಲೇ. ನಾನು ಕೋನಗಳನ್ನು ಬಿಟ್ಟು ಸೂರ್ಯನ ಕಡೆಗಿನ ಗೆರೆಯನ್ನು ಮೂರು ತುಂಡು ಮಾಡುತ್ತೇನೆ: ಮೇಲಕ್ಕೆ ಎಷ್ಟು, ದಕ್ಷಿಣಕ್ಕೆ ಎಷ್ಟು, ಪಶ್ಚಿಮಕ್ಕೆ ಎಷ್ಟು. `L` ಊರಿನ ಅಕ್ಷಾಂಶ, ವಿಜಯಪುರಕ್ಕೆ 16.83. `D` ಆ ದಿನದ ಸೂರ್ಯನ ಕ್ರಾಂತಿ, ಅಂದರೆ ಭೂಮಧ್ಯರೇಖೆಯಿಂದ ಅವನು ಉತ್ತರಕ್ಕೆ ಸರಿದ ಡಿಗ್ರಿ, ದಕ್ಷಿಣಕ್ಕಾದರೆ ಋಣ: ಜೂನ್ 21ಕ್ಕೆ 23.45, ಮಾರ್ಚ್ 21ಕ್ಕೆ 0, ಡಿಸೆಂಬರ್ 21ಕ್ಕೆ −23.45. `H` ನೆತ್ತಿಯ ಹೊತ್ತಿನಿಂದ ಗಂಟೆಗೆ 15 ಡಿಗ್ರಿ, ಬೆಳಿಗ್ಗೆಗೆ ಋಣ.

```
Z = SIN(L)*SIN(D) + COS(L)*COS(D)*COS(H)
S = SIN(L)*COS(D)*COS(H) - COS(L)*SIN(D)
W = COS(D)*SIN(H)
```

`Z` ಮೇಲಕ್ಕೆ, `S` ದಕ್ಷಿಣಕ್ಕೆ, `W` ಪಶ್ಚಿಮಕ್ಕೆ. `S` ಋಣ ಬಂದರೆ ಸೂರ್ಯ ಉತ್ತರಕ್ಕಿದ್ದಾನೆ, `W` ಋಣ ಬಂದರೆ ಪೂರ್ವಕ್ಕಿದ್ದಾನೆ. ಎಕ್ಸೆಲ್‌ನಲ್ಲಿ ಬರೆಯುವಾಗ ಪ್ರತಿ ಕೋನವನ್ನೂ `RADIANS()` ಒಳಗೆ ಹಾಕಬೇಕು. ಮರೆತರೆ ಅಂಕಿ ಬರುತ್ತದೆ, ಅದು ನಂಬುವಂತೆಯೂ ಕಾಣುತ್ತದೆ, ಆದರೆ ತಪ್ಪಾಗಿರುತ್ತದೆ. ಪರೀಕ್ಷೆಗೆ ಡಿಸೆಂಬರ್ 21ರ ನೆತ್ತಿಯ ಹೊತ್ತು ಹಾಕಿ ನೋಡಿ: `Z` 0.763, `S` 0.647 ಬಂದರೆ ಹಾಳೆ ಸರಿಯಿದೆ.

ಇನ್ನು ಛಜ್ಜಾದ ಲೆಕ್ಕ ಒಂದೇ ಸಾಲು. ಗೋಡೆಯ ಎದುರಿಗೆ ಸೂರ್ಯ ಎಷ್ಟಿದ್ದಾನೋ ಅದು `F` ಅಂದುಕೊಳ್ಳಿ. ದಕ್ಷಿಣ ಗೋಡೆಗೆ `F` ಅಂದರೆ `S`, ಪಶ್ಚಿಮಕ್ಕೆ `W`, ಉತ್ತರಕ್ಕೆ `−S`. ಛಜ್ಜಾ ಒಂದಡಿ ಹೊರಗೆ ಬಂದರೆ ನೆರಳು `Z/F` ಅಡಿ ಕೆಳಗಿಳಿಯುತ್ತದೆ. ಹಾಗಾಗಿ ಬೇಕಾದ ಆಳ ಎಂದರೆ ಕಿಟಕಿಯ ಎತ್ತರವನ್ನು `Z/F`ನಿಂದ ಭಾಗಿಸಿದಷ್ಟು.

ಲೆಕ್ಕವೇ ಬೇಡ ಎನ್ನುವವರಿಗೆ ಒಂದು ಉಪಾಯವಿದೆ. ಒಂದಡಿ ಕೋಲನ್ನು ಗೋಡೆಗೆ ನೇರವಾಗಿ ಹಿಡಿಯಿರಿ. ನೇರ ಇದೆಯೋ ಇಲ್ಲವೋ ಎಂದು ಬಡಿಗೇರ ಹತ್ತಿರ ಇರುವ ಎಲ್ ಆಕಾರದ ಉಕ್ಕಿನ ಪಟ್ಟಿಯಿಂದ ನೋಡಿಕೊಳ್ಳಿ. ಗೋಡೆಯ ಮೇಲೆ ಕೋಲಿನ ತುದಿಯ ನೆರಳು ಬುಡಕ್ಕಿಂತ ಎಷ್ಟು ಕೆಳಗೆ ಬಿತ್ತು, ಎಷ್ಟು ಪಕ್ಕಕ್ಕೆ ಸರಿಯಿತು ಎಂದು ಅಳೆಯಿರಿ. ಕೆಳಗಿನ ಅಳತೆ ಛಜ್ಜಾಕ್ಕೆ, ಪಕ್ಕದ ಅಳತೆ ಫಿನ್‌ಗೆ. ಸೂರ್ಯನೇ ಬರೆದುಕೊಟ್ಟ ಅಂಕಿ, ತಪ್ಪಾಗುವುದಿಲ್ಲ. ಆದರೆ ಇದು ಆ ದಿನದ್ದು ಮಾತ್ರ. ಜುಲೈನಲ್ಲಿ ಅಳೆದು ಫೆಬ್ರವರಿಗೆ ಛಜ್ಜಾ ಹಾಕಲು ಬರುವುದಿಲ್ಲ.

ಯಾವ ದಿನದಿಂದ ಬಿಸಿಲು ತಡೆಯಬೇಕು

ಇದು ಗಣಿತವಲ್ಲ, ತೀರ್ಮಾನ. ಚಳಿಯ ದೇಶದವರ ಪುಸ್ತಕದಲ್ಲಿ ಚಳಿಗಾಲದ ಬಿಸಿಲು ಒಳಗೆ ಬರಲಿ ಎಂದಿರುತ್ತದೆ. ನಮ್ಮಲ್ಲಿ ಸಂಕ್ರಮಣ ಮುಗಿದು ಶಿವರಾತ್ರಿ ಹತ್ತಿರ ಬಂತೆಂದರೆ ಮಧ್ಯಾಹ್ನ ಹೊರಗೆ ಹೋಗುವವರಿಲ್ಲ. ಹಾಗಾಗಿ ನಾನು ದಕ್ಷಿಣ ಗೋಡೆಗೆ ಫೆಬ್ರವರಿ 15 ಹಿಡಿಯುತ್ತೇನೆ. ಆ ದಿನ ಸೂರ್ಯ ನಡೆಯುವ ಹಾದಿಯೇ ಅಕ್ಟೋಬರ್ 27-28ಕ್ಕೂ. ಒಂದನ್ನು ತಡೆದರೆ ಇನ್ನೊಂದನ್ನೂ ತಡೆದಂತೆ, ಹಿಂಗಾರಿನ ಹೊತ್ತಿನ ಆ ಉರಿಬಿಸಿಲೂ ಇದರಲ್ಲೇ ಬಂತು. ಬೆಳಗಾವಿಯಲ್ಲಾದರೆ ಮಾರ್ಚ್ ಮೊದಲ ವಾರಕ್ಕೆ ಬಿಟ್ಟರೂ ನಡೆಯುತ್ತದೆ, ಅಲ್ಲಿಯ ಚಳಿಗೆ ಬೆಳಗಿನ ಬಿಸಿಲು ಯಾರಿಗೂ ಬೇಡವಲ್ಲ. ಅಕ್ಷಾಂಶದಲ್ಲಿ ಮೂರು ಊರಿಗೂ ಒಂದು ಡಿಗ್ರಿಯಷ್ಟೇ ವ್ಯತ್ಯಾಸ. ಬದಲಾಗುವುದು ಅಂಕಿಯಲ್ಲ, ಈ ತೀರ್ಮಾನ.

ದಕ್ಷಿಣ: ಛಜ್ಜಾದಿಂದಲೇ ಕೆಲಸ ಆಗುವ ಗೋಡೆ

ಮಾರ್ಚ್ 21ಕ್ಕೆ ದಕ್ಷಿಣ ಗೋಡೆಯ ಮೇಲೆ `Z/S` ಬೆಳಿಗ್ಗೆಯಿಂದ ಸಂಜೆಯವರೆಗೆ 3.3 ಆಗಿಯೇ ಇರುತ್ತದೆ, ಅಲುಗುವುದಿಲ್ಲ. ಆ ದಿನಕ್ಕೆ ನಮ್ಮ 4 ಅಡಿ ಕಿಟಕಿಗೆ 1 ಅಡಿ 3 ಇಂಚು ಛಜ್ಜಾ ಸಾಕು. ಗೌಂಡಿಗಳು ರೂಢಿಯಲ್ಲಿ ಹಾಕುವ ಒಂದೂವರೆ ಅಡಿ ಛಜ್ಜಾ ದಕ್ಷಿಣಕ್ಕೆ ಯಾಕೆ ಸಾಕೆನಿಸುತ್ತದೆ ಎಂದರೆ ಇದೇ ಕಾರಣ. ಮೇ 7ರ ಸುಮಾರಿನಿಂದ ಆಗಸ್ಟ್ 6ರ ಸುಮಾರಿನವರೆಗಂತೂ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ದಕ್ಷಿಣ ಗೋಡೆಗೆ ಬಿಸಿಲೇ ಇಲ್ಲ.

ಫೆಬ್ರವರಿ 15ಕ್ಕೆ ಕಥೆ ಬೇರೆ. ಮಧ್ಯಾಹ್ನ 2ಕ್ಕೆ `Z` 0.744, `S` 0.457, ಭಾಗಿಸಿದರೆ 1.63. ಹಾಗಾಗಿ 4 ಅಡಿಗೆ 2.45 ಅಡಿ, ಅಂದರೆ ಎರಡೂವರೆ ಅಡಿ ಛಜ್ಜಾ. ಇದಕ್ಕಿಂತ ಉದ್ದ ಎಳೆಯಬೇಡಿ. 3 ಗಂಟೆಗೆ ಕಿಟಕಿಯ ಬುಡದಲ್ಲಿ ನಾಲ್ಕೈದು ಇಂಚು ಬಿಸಿಲು ಬೀಳುತ್ತದೆ, ಬೀಳಲಿ. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನ ಕೆಳಗಿನ ಒಂದಡಿ ಬಿಸಿಲಾಗುತ್ತದೆ, ಅದು ಯಾರಿಗೂ ತೊಂದರೆಯಲ್ಲ.

ಹೆಚ್ಚಿನವರು ತಪ್ಪುವುದು ಆಳದಲ್ಲಲ್ಲ, ಉದ್ದದಲ್ಲಿ. ಛಜ್ಜಾ ಕಿಟಕಿಗಿಂತ ಆಚೀಚೆ ಆರಾರು ಇಂಚು ಮಾತ್ರ ಚಾಚಿರುತ್ತದೆ. ಆದರೆ ಅದೇ 2 ಗಂಟೆಗೆ ಸೂರ್ಯ ಪಶ್ಚಿಮಕ್ಕೂ 0.488 ಸರಿದಿರುತ್ತಾನೆ. ಎರಡೂವರೆ ಅಡಿ ಛಜ್ಜಾದ ಹೊರ ಅಂಚಿನ ನೆರಳು 2.67 ಅಡಿ ಪೂರ್ವಕ್ಕೆ ಜಾರುತ್ತದೆ. ಪಶ್ಚಿಮದ ಕಡೆಯಿಂದ ಕಿಟಕಿಯ ಮೇಲೆ ಒಂದು ಓರೆ ಮುಕ್ಕೋನ ಬಿಸಿಲಾಗಿಯೇ ಉಳಿಯುತ್ತದೆ. ಆರಿಂಚು ಚಾಚಿದ್ದರೆ ಆ ಮುಕ್ಕೋನ ಕಿಟಕಿಯ ಐದರಲ್ಲಿ ಒಂದು ಪಾಲು. ಒಂದೂವರೆ ಅಡಿ ಚಾಚಿದರೆ ನೂರಕ್ಕೆ ಆರಕ್ಕೆ ಇಳಿಯುತ್ತದೆ. ಆದ್ದರಿಂದ ಹತ್ತಿರ ಹತ್ತಿರ ಎರಡು ಕಿಟಕಿ ಇದ್ದರೆ ಛಜ್ಜಾ ತುಂಡು ಮಾಡದೆ ಒಂದೇ ಓಟ ಎಳೆದುಬಿಡಿ. ಇಬ್ರಾಹಿಂ ರೋಜಾದ ಸುತ್ತಲಿನ ಕಲ್ಲಿನ ಛಜ್ಜಾ ನೋಡಿದ್ದರೆ ಹೇಳುವುದೇ ಬೇಡ, ಅದು ಎಲ್ಲೂ ಕಮಾನು ಕಮಾನಿಗೆ ತುಂಡಾಗಿಲ್ಲ.

ಉತ್ತರ: "ಬಿಸಿಲೇ ಬರಲ್ಲ" ಎಂಬ ನಂಬಿಕೆ

ನಮ್ಮ ಅಕ್ಷಾಂಶದಲ್ಲಿ ಅದು ನಿಜವಲ್ಲ. ಮಾರ್ಚ್ 21ರಿಂದ ಸೆಪ್ಟೆಂಬರ್ 23ರವರೆಗೆ ಬೆಳಿಗ್ಗೆ ಮತ್ತು ಸಂಜೆ ಸೂರ್ಯ ಉತ್ತರಕ್ಕೇ ಇರುತ್ತಾನೆ. ಜೂನ್ 21ರ ಸಂಜೆ 4ಕ್ಕೆ `Z/F` 2.23, ಅಂದರೆ 4 ಅಡಿ ಕಿಟಕಿಗೆ 1.8 ಅಡಿ. ಎರಡಡಿ ಛಜ್ಜಾ ಹಾಕಿದರೆ ಅಲ್ಲಿಯವರೆಗೆ ಚಿಂತೆಯಿಲ್ಲ. ಆಮೇಲೆ ಸೂರ್ಯ ಬೇಗ ಕೆಳಗಿಳಿಯುತ್ತಾನೆ, 5 ಗಂಟೆಗೆ ಛಜ್ಜಾ 3 ಅಡಿ 8 ಇಂಚು ಬೇಕಾಗುತ್ತದೆ.

ಇಲ್ಲಿ ಫಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಸೂರ್ಯ ಗೋಡೆಯನ್ನು ಎದುರಿನಿಂದಲ್ಲ, ಪಕ್ಕದಿಂದ ಸವರಿಕೊಂಡು ಬರುತ್ತಾನೆ. 5 ಗಂಟೆಗೆ ಪಶ್ಚಿಮಕ್ಕೆ 0.886, ಉತ್ತರಕ್ಕೆ 0.312. ಭಾಗಿಸಿದರೆ 2.84: ಒಂದಡಿ ಫಿನ್ನಿಗೆ 2.84 ಅಡಿ ಅಗಲ ನೆರಳು. 4 ಅಡಿ ಕಿಟಕಿಗೆ ಒಂದೂವರೆ ಅಡಿಯ ಒಂದೇ ಫಿನ್, ಕಿಟಕಿಯ ಪಶ್ಚಿಮ ಅಂಚಿಗೆ, ಛಜ್ಜಾದಿಂದ ಕಿಟಕಿಯ ಬುಡದವರೆಗೆ. ಪೂರ್ವದ ಅಂಚಿಗೆ ಬೇಡ. ಬೆಳಗಿನ ಬಿಸಿಲು ಇಷ್ಟು ಓರೆಯಾಗಿ ಬಂದರೆ ಬರಲಿ, ಅಂದಕ್ಕಾಗಿ ಎರಡೂ ಕಡೆ ಹಾಕುವವರು ಹಾಕಿಕೊಳ್ಳಲಿ.

ಪಶ್ಚಿಮ: ನಾನು ಸೋತ ಗೋಡೆ

ಮೊದಲು ಛಜ್ಜಾ ಯಾಕೆ ಸೋಲುತ್ತದೆ ನೋಡೋಣ. ಮೇ 7, ನಮ್ಮ ಕಿಟಕಿ 4 ಅಡಿ ಎತ್ತರ. ಮಧ್ಯಾಹ್ನ 3ಕ್ಕೆ ಬೇಕಾದ ಛಜ್ಜಾ 3.7 ಅಡಿ, 4ಕ್ಕೆ 6.1 ಅಡಿ, 5ಕ್ಕೆ 11.5 ಅಡಿ. ಹನ್ನೊಂದೂವರೆ ಅಡಿ ಚಾಚಿದರೆ ಅದು ಛಜ್ಜಾ ಅಲ್ಲ, ಪಡಸಾಲೆ. ಪಶ್ಚಿಮಕ್ಕೆ ಪಡಸಾಲೆ ಕಟ್ಟಲು ಜಾಗ ಇದ್ದವರು ಇನ್ನೇನೂ ಓದಬೇಕಿಲ್ಲ, ಕಟ್ಟಿಬಿಡಿ.

ಈಗ ನೇರ ಫಿನ್. ಅದೇ ದಿನ 4 ಗಂಟೆಗೆ ಪಶ್ಚಿಮಕ್ಕೆ 0.829, ಉತ್ತರಕ್ಕೆ ಬರೀ 0.139. ಅಂದರೆ ಸೂರ್ಯ ಗೋಡೆಯ ನೇರಕ್ಕಿಂತ ಒಂಬತ್ತೂವರೆ ಡಿಗ್ರಿ ಮಾತ್ರ ಉತ್ತರಕ್ಕಿದ್ದಾನೆ. ಒಂದಡಿ ಫಿನ್ನಿನ ನೆರಳು 2 ಇಂಚು ಅಗಲ. ನನ್ನ ಆ ಮನೆಯಲ್ಲಿ ಒಂದಡಿಗೆ ಒಂದು ಫಿನ್ ಇತ್ತು, ಫಿನ್ನಿನ ದಪ್ಪ ಬಿಟ್ಟರೆ ನೆರಳು ಸಿಕ್ಕಿದ್ದು ಎರಡಿಂಚು. ಮಾರ್ಚ್ 21ರ 4 ಗಂಟೆಗೆ ನೋಡಿದರೆ ಅಷ್ಟೇ ಒಂಬತ್ತೂವರೆ ಡಿಗ್ರಿ, ಆದರೆ ದಕ್ಷಿಣಕ್ಕೆ. ನಡುವಿನ ದಿನಗಳಲ್ಲಿ ಅವನು ನೇರವನ್ನೇ ದಾಟಿ ಹೋಗುತ್ತಾನೆ. ಯುಗಾದಿಯಿಂದ ಬಸವ ಜಯಂತಿಯವರೆಗೆ, ಬಿಸಿಲು ಅತಿ ಹೆಚ್ಚಿರುವ ಹೊತ್ತಿನಲ್ಲೇ, ನೇರ ಫಿನ್ ಅತಿ ಕಡಿಮೆ ಕೆಲಸ ಮಾಡುತ್ತದೆ.

ಪರಿಹಾರ ಎಂದರೆ ಫಿನ್ನನ್ನು ಓರೆ ಮಾಡುವುದು. ಯಾವ ಕಡೆಗೆ? ಮಧ್ಯಾಹ್ನ 3ರಿಂದ 5ರವರೆಗೆ ಸೂರ್ಯ ಎಲ್ಲೆಲ್ಲಿ ಓಡಾಡುತ್ತಾನೆ ಎಂದು ನೋಡಬೇಕು. ಉತ್ತರಕ್ಕೆ ಅವನ ಗಡಿ ಜೂನ್ 21ಕ್ಕೆ 19 ಡಿಗ್ರಿ, ಅಷ್ಟೇ. ದಕ್ಷಿಣಕ್ಕೆ ಫೆಬ್ರವರಿ 15ರಂದೇ 31 ಡಿಗ್ರಿ, ಡಿಸೆಂಬರ್‌ನಲ್ಲಿ 41. ಅವನು ಹೆಚ್ಚು ಅಲೆಯುವ ಕಡೆಗೆ ಬೆನ್ನು ಮಾಡಿ, ಕಡಿಮೆ ಬರುವ ಕಡೆಗೆ ಬಾಯಿ ತೆರೆಯಬೇಕು. ಅಂದರೆ ಫಿನ್ನಿನ ಹೊರತುದಿ ಉತ್ತರಕ್ಕೆ ವಾಲಬೇಕು.

ಅಳತೆಯ ಲೆಕ್ಕ ಹೀಗೆ. ಫಿನ್ 45 ಡಿಗ್ರಿ ಓರೆ, ಅಗಲ 12 ಇಂಚು. ಆಗ ಅದು ಗೋಡೆಯಿಂದ ಹೊರಗೆ 8.5 ಇಂಚು ಬರುತ್ತದೆ, ಉತ್ತರಕ್ಕೂ 8.5 ಇಂಚು ಸರಿಯುತ್ತದೆ. ಸೂರ್ಯ ಗೋಡೆಗೆ ನೇರ ಇದ್ದರೆ ನೆರಳು 8.5 ಇಂಚು ಅಗಲ. ಅವನು ಉತ್ತರಕ್ಕೆ ಸರಿದಷ್ಟೂ ನೆರಳು ಸಣ್ಣದಾಗುತ್ತದೆ:

```
ನೆರಳು = 8.5 * (1 - N/W)
```

ಇಲ್ಲಿ `N` ಎಂದರೆ `−S`, ಸೂರ್ಯ ಉತ್ತರಕ್ಕೆ ಎಷ್ಟಿದ್ದಾನೆ ಎಂಬುದು. ಮೇ 7ರ 5 ಗಂಟೆಗೆ `N/W` 0.222, ನೆರಳು 6.6 ಇಂಚು. ಹಾಗಾಗಿ 6 ಇಂಚಿಗೆ ಒಂದು ಫಿನ್ ಇಟ್ಟರೆ ಎಳೆ ಬಿಸಿಲೂ ನುಸುಳುವುದಿಲ್ಲ. ಮೇ 20ರವರೆಗೂ 5 ಗಂಟೆಯತನಕ ಇದು ನಿಲ್ಲುತ್ತದೆ. ಜೂನ್ 21ಕ್ಕೆ ನೆರಳು 5.5 ಇಂಚು, ಪ್ರತಿ ಸಂದಿಯಲ್ಲಿ ಅರ್ಧ ಇಂಚು ಬಿಸಿಲಿನ ಗೆರೆ. ಅಷ್ಟರೊಳಗೆ ಮೋಡ ಬಂದಿರುತ್ತದೆ. ಆ ಅರ್ಧ ಇಂಚಿಗಾಗಿ ಫಿನ್ ಇನ್ನಷ್ಟು ಒತ್ತೊತ್ತಾಗಿ ಇಡಲು ನಾನು ಹೋಗುವುದಿಲ್ಲ. ಮಾರ್ಚ್‌ನಲ್ಲಿ, ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣಕ್ಕಿರುವುದರಿಂದ ನೆರಳು 8.5 ಇಂಚನ್ನೂ ಮೀರುತ್ತದೆ.

ಇದನ್ನೇ ತಿರುಗಿಸಿ, ಹೊರತುದಿ ದಕ್ಷಿಣಕ್ಕೆ ವಾಲಿಸಿದರೆ? ಫೆಬ್ರವರಿ 15ರ 3 ಗಂಟೆಗೆ ನೆರಳು 3.4 ಇಂಚು. ಆರಿಂಚಿನ ಸಂದಿಯಲ್ಲಿ ಹತ್ತಿರ ಹತ್ತಿರ ಅರ್ಧ ಬಿಸಿಲು. ಈ ತಿರುವು-ಮುರುವು ಕಾಲ್ಪನಿಕವಲ್ಲ. ಫ್ಯಾಬ್ರಿಕೇಟರ್ ನಕ್ಷೆಯನ್ನು ಒಳಗಿನಿಂದ ನೋಡಿದಂತೆ ಓದಿ, ಪೂರಾ ಚೌಕಟ್ಟನ್ನು ಕನ್ನಡಿಯ ಬಿಂಬದ ಹಾಗೆ ಬೆಸೆದು ತಂದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಅದಕ್ಕೆ ಈಗ ಚೌಕಟ್ಟಿನ ಮೇಲೆಯೇ ಬಾಣ ಹಾಕಿ "ಉತ್ತರ" ಎಂದು ಬಣ್ಣದಲ್ಲಿ ಬರೆಸುತ್ತೇನೆ. ಗುರುತು ಸುಲಭ: ಮನೆಯ ಹೊರಗೆ ನಿಂತು ಪಶ್ಚಿಮ ಗೋಡೆಯನ್ನು ನೋಡಿದರೆ ಉತ್ತರ ನಿಮ್ಮ ಎಡಗೈಗೆ. ಫಿನ್ನಿನ ತುದಿ ಎಡಕ್ಕೆ ವಾಲಿರಬೇಕು.

ಎಷ್ಟು ಫಿನ್ ಬೇಕು? ಪ್ರತಿ ಫಿನ್ ತನ್ನ ಉತ್ತರದ ಕಡೆಯ ಪಟ್ಟಿಗೆ ನೆರಳು ಕೊಡುತ್ತದೆ. 4 ಅಡಿ ಎಂದರೆ 48 ಇಂಚು, ದಕ್ಷಿಣದ ಅಂಚಿನಿಂದ ಶುರುಮಾಡಿ ಆರಿಂಚಿಗೊಂದರಂತೆ ಎಂಟು. ಇದು ಫಿನ್ನಿನ ಒಳತುದಿ ಗಾಜಿಗೆ ತಾಗಿಕೊಂಡಿದ್ದರೆ ಮಾತ್ರ. ಕಿಟಕಿ ಸಾಮಾನ್ಯವಾಗಿ ಗೋಡೆಯೊಳಗೆ ನಾಲ್ಕಿಂಚು ಕೂತಿರುತ್ತದೆ, ಆ ನಾಲ್ಕಿಂಚಿನಲ್ಲಿ ನೆರಳು ಆಚೀಚೆ ಒಂದೆರಡು ಇಂಚು ಜಾರುತ್ತದೆ. ಅದಕ್ಕೆ ಎರಡೂ ತುದಿಗೆ ಒಂದೊಂದು ಸೇರಿಸಿ ಹತ್ತು ಮಾಡಿ. ಮೇಲೆ ಒಂದಡಿಗೆ ಕಡಿಮೆ ಇಲ್ಲದ ಛಜ್ಜಾ ಇರಲೇಬೇಕು, ಇಲ್ಲದಿದ್ದರೆ 2-3 ಗಂಟೆಯ ಬಿಸಿಲು ಫಿನ್ನುಗಳ ತಲೆಯ ಮೇಲಿಂದ ಇಳಿದು ಕಿಟಕಿಯ ಮೇಲ್ಭಾಗಕ್ಕೆ ಬೀಳುತ್ತದೆ.

ಈ ಓರೆ ಫಿನ್ನಿಗೆ ಬೆಲೆಯೂ ಇದೆ. ಕಿಟಕಿಯಿಂದ ಎದುರಿನ ರಸ್ತೆ ಕಾಣುವುದಿಲ್ಲ, ವಾಯವ್ಯದ ಕಡೆಯ ಒಂದು ತುಣುಕು ಮಾತ್ರ ಕಾಣುತ್ತದೆ. ಮಳೆಗಾಲದ ಪಶ್ಚಿಮದ ಗಾಳಿಯೂ ಅರ್ಧ ತಡೆಯುತ್ತದೆ. ಮಲಗುವ ಕೋಣೆಗೆ ಇದು ನಡೆಯುತ್ತದೆ, ಹೊರಗೆ ನೋಡುತ್ತ ಕೂರುವ ಅಜ್ಜ-ಅಜ್ಜಿ ಇರುವ ಪಡಸಾಲೆಗೆ ನಡೆಯುವುದಿಲ್ಲ. ಅಂಥ ಕಡೆ ಫಿನ್ನಿನ ಚೌಕಟ್ಟಿಗೆ ಕೀಲು ಹಾಕಿ, ಜೂನ್ ನಂತರ ಬಾಗಿಲಿನಂತೆ ತೆರೆದಿಡುವ ಹಾಗೆ ಮಾಡುವುದು ನನಗೆ ಹಿಡಿಸಿದ ದಾರಿ.

ಫಿನ್ ಯಾವುದರದ್ದು ಎಂಬುದೂ ಮುಖ್ಯ. ಕಾಂಕ್ರೀಟ್ ಫಿನ್ ಮಧ್ಯಾಹ್ನವೆಲ್ಲ ಕಾದು, ಗೋಡೆಗೆ ಅಂಟಿಕೊಂಡಿರುವುದರಿಂದ ರಾತ್ರಿ ಹತ್ತರವರೆಗೆ ಆ ಬಿಸಿಯನ್ನು ಒಳಗೆ ದಾಟಿಸುತ್ತದೆ. ಒಂದು ಇಂಚು ದಪ್ಪದ ಪೊಳ್ಳು ಅಲ್ಯೂಮಿನಿಯಂ ಪಟ್ಟಿ ಅಥವಾ ಸಿಮೆಂಟ್ ಫೈಬರ್ ಹಲಗೆಯನ್ನು ಚೌಕಟ್ಟಿಗೆ ಕೂರಿಸಿ, ಚೌಕಟ್ಟನ್ನು ಗೋಡೆಯಿಂದ ಎರಡಿಂಚು ಬಿಟ್ಟು ನಾಲ್ಕು ಕಡೆ ಮಾತ್ರ ಬಿಗಿಯಿರಿ. ಬಿಸಿಗಾಳಿ ಆ ಸಂದಿಯಲ್ಲಿ ಮೇಲೆ ಹೋಗುತ್ತದೆ. ಬಣ್ಣ ತಿಳಿಯಾಗಿರಲಿ, ಕಪ್ಪು ಬೇಡ.

ಪೂರ್ವ ಗೋಡೆ ಇದರ ಕನ್ನಡಿ: 3 ಗಂಟೆಯ ಅಂಕಿಯೇ ಬೆಳಿಗ್ಗೆ 9ಕ್ಕೆ, 4ರದ್ದು 8ಕ್ಕೆ. ಆದರೆ ರಾತ್ರಿ ತಣಿದ ಗೋಡೆಗೆ ಬೆಳಗಿನ ಬಿಸಿಲು ಅಷ್ಟು ಮಾಡುವುದಿಲ್ಲ. ಎರಡೂವರೆ ಅಡಿ ಛಜ್ಜಾ ಹಾಕಿದರೆ ಮೇ ತಿಂಗಳಲ್ಲಿ 10 ಗಂಟೆಯಿಂದ ಪೂರಾ ನೆರಳು. ನಾನು ಅಷ್ಟಕ್ಕೇ ನಿಲ್ಲಿಸುತ್ತೇನೆ.

ಗೋಡೆ ಓರೆ ಇದ್ದರೆ

ಗೋಡೆ ದಕ್ಷಿಣದಿಂದ ಪಶ್ಚಿಮಕ್ಕೆ `A` ಡಿಗ್ರಿ ತಿರುಗಿದೆ ಎನ್ನಿ. ಎದುರಿಗಿನ ಪಾಲು ಮತ್ತು ಪಕ್ಕದ ಪಾಲು ಹೀಗೆ ಸಿಗುತ್ತವೆ:

```
F = S*COS(A) + W*SIN(A)
P = W*COS(A) - S*SIN(A)
```

ಛಜ್ಜಾಕ್ಕೆ `Z/F`, ಫಿನ್ನಿಗೆ `P/F`. `F` ಋಣ ಬಂದರೆ ಆ ಹೊತ್ತಿಗೆ ಗೋಡೆಗೆ ಬಿಸಿಲಿಲ್ಲ. ಫೆಬ್ರವರಿ 15ರ 3 ಗಂಟೆಗೆ ನೆಟ್ಟ ದಕ್ಷಿಣ ಗೋಡೆಗೆ 2.8 ಅಡಿ ಛಜ್ಜಾ ಬೇಕಾಗಿತ್ತು. ಅದೇ ಗೋಡೆ 25 ಡಿಗ್ರಿ ಪಶ್ಚಿಮಕ್ಕೆ ತಿರುಗಿದ್ದರೆ 4.5 ಅಡಿ. ದಿಕ್ಕನ್ನು ಮೊದಲು ಅಳೆಯಿರಿ ಎಂದು ಆಗ ಹೇಳಿದ್ದು ಇದಕ್ಕೇ. ಕಾಗದದಲ್ಲಿ ಎರಡೂ "ದಕ್ಷಿಣ"ವೇ.

ಸೆಂಟ್ರಿಂಗ್ ಹೊಡೆಯುವ ಮುಂಚೆ

ಎರಡೂವರೆ ಅಡಿ ಛಜ್ಜಾ ಎಂದರೆ ಹೊರಗೆ ಚಾಚಿದ ಕೈ, ಅದರ ಮುಖ್ಯ ಸಳಿ ಮೇಲ್ಮೈ ಹತ್ತಿರ ಇರಬೇಕು. ಕಾಂಕ್ರೀಟ್ ಸುರಿಯುವಾಗ ಆಳುಗಳು ಅದರ ಮೇಲೆಯೇ ಓಡಾಡಿ ಸಳಿಯನ್ನು ತಳಕ್ಕೆ ತುಳಿದುಬಿಡುತ್ತಾರೆ. ಒಂದೆರಡು ವರ್ಷಕ್ಕೆ ಛಜ್ಜಾ ಗೋಡೆಗೆ ಸೇರುವ ಮೇಲುಬದಿಯಲ್ಲಿ ಉದ್ದಕ್ಕೆ ಬಿರುಕು ಕಂಡರೆ ಕಾರಣ ಹೆಚ್ಚಾಗಿ ಇದೇ. ಸಳಿಯನ್ನು ಎತ್ತಿ ಹಿಡಿಯಲು ಅದರ ಕೆಳಗೆ ಬಾಗಿಸಿದ ಸಳಿಯ ತುಂಡು, ಗೌಂಡಿಗಳು ಕುರ್ಚಿ ಎನ್ನುವುದು, ಇಡಿಸಿ, ಸುರಿಯುವ ಹೊತ್ತಿಗೆ ನೀವೇ ಇರಿ. ಸೈಟಿನ ಬದಿಯಲ್ಲಿ ಬಿಡಬೇಕಾದ ಜಾಗದೊಳಗೆ ಛಜ್ಜಾ ಎಷ್ಟು ಚಾಚಬಹುದು ಎಂದು ಪಾಲಿಕೆಯ ನಿಯಮವನ್ನೂ ನಕ್ಷೆಗೆ ಮುಂಚೆಯೇ ಕೇಳಿಕೊಳ್ಳಿ. ಜಾಗ ಸಾಲದಿದ್ದರೆ ಛಜ್ಜಾ ಒಂದನ್ನೇ ಕಡಿಮೆ ಮಾಡಬೇಡಿ, ಕಿಟಕಿಯ ಎತ್ತರವನ್ನೂ ಕಡಿಮೆ ಮಾಡಿ. ಲೆಕ್ಕದಲ್ಲಿ ಎರಡರ ಪ್ರಮಾಣ ಒಂದೇ: 4 ಅಡಿಗೆ ಎರಡೂವರೆ ಆದರೆ 3 ಅಡಿಗೆ 1 ಅಡಿ 10 ಇಂಚು.

ಇಷ್ಟೆಲ್ಲ ಮಾಡಿದರೂ ತಡೆಯುವುದು ನೇರ ಬಿಸಿಲನ್ನು ಮಾತ್ರ. ಅಂಗಳಕ್ಕೆ ಪೂರಾ ಬಿಳಿ ಟೈಲ್ಸ್ ಹಾಸಿದ್ದರೆ, ಇಲ್ಲವೇ ಎದುರು ಮನೆಯ ಸುಣ್ಣದ ಗೋಡೆ ಹತ್ತಿರವಿದ್ದರೆ, ಅಲ್ಲಿಂದ ಚಿಮ್ಮಿದ ಬೆಳಕು ಛಜ್ಜಾದ ಕೆಳಗಿನಿಂದ ಒಳಗೆ ಬರುತ್ತದೆ. ಅದು ಛಜ್ಜಾದ ತಪ್ಪಲ್ಲ, ಅಲ್ಲಿ ಒಂದು ಬೇವಿನ ಗಿಡವೇ ಬೇಕು.

ಕೊನೆಗೆ ಪರೀಕ್ಷೆ. ಗೋಡೆ ಎದ್ದ ಮೇಲೆ, ಫಿನ್ ಆರ್ಡರ್ ಕೊಡುವ ಮುಂಚೆ, ಬಿಸಿಲಿರುವ ಒಂದು ಸಂಜೆ ಪಶ್ಚಿಮ ಗೋಡೆಗೆ ಒಂದಡಿ ಕೋಲು ಹಿಡಿಯಿರಿ. ಮೇ 7ರ ಆಸುಪಾಸಿನಲ್ಲಿ ಕೈಗಡಿಯಾರದ 4:24ಕ್ಕೆ ತುದಿಯ ನೆರಳು ಸುಮಾರು 8 ಇಂಚು ಕೆಳಗೆ, 2 ಇಂಚು ದಕ್ಷಿಣಕ್ಕೆ ಬಿದ್ದರೆ ನಿಮ್ಮ ಗೋಡೆ ನೆಟ್ಟಗೆ ಪಶ್ಚಿಮಕ್ಕಿದೆ, ಮೇಲಿನ ಅಳತೆಗಳು ಹಾಗೆಯೇ ನಡೆಯುತ್ತವೆ. ಬೇರೆ ದಿನವಾದರೆ ಆ ದಿನದ `D` ಹಾಕಿ ಹೋಲಿಸಿ. ಕೆಳಗಿನ ಅಳತೆ ಹೆಚ್ಚುಕಡಿಮೆ ಹೊಂದಿ ಪಕ್ಕದ್ದು ತಪ್ಪಿದರೆ ಗೋಡೆ ತಿರುಗಿದೆ ಎಂದರ್ಥ. ಮೇ ತಿಂಗಳಲ್ಲಿ ಪಕ್ಕದ್ದು ಹೊಂದಿ ಕೆಳಗಿನದು ಮಾತ್ರ ತಪ್ಪಿದರೆ ಗಡಿಯಾರವನ್ನು ಸೂರ್ಯನ ಗಂಟೆಗೆ ಹೊಂದಿಸಿರುವುದಿಲ್ಲ. ಆ ಮೊದಲ ಮನೆಯಲ್ಲಿ ಕಾಂಕ್ರೀಟ್ ಫಿನ್‌ಗಳನ್ನು ಒಡೆಯಲಿಲ್ಲ. ಅವುಗಳ ನಡುವೆ ಓರೆ ಹಲಗೆ ಕೂರಿಸಿದೆವು, ಒಂದೊಂದು ಸಂದಿಗೂ ಎರಡೆರಡು, ತುದಿ ಎಡಕ್ಕೆ.